ಟ್ವಿಸ್ಟ್ ಕೊಟ್ರಿ, ಸರಿ. ಲೆಕ್ಕ ಎಲ್ಲಿ?

(1)

ನಮ್ಮ ಫೀಡ್‌ನಲ್ಲಿ ಕಥೆ ಅಂದ್ರೆ ಈಗ ಕೊನೆ ಸಾಲು ಅಂತಾಗಿಬಿಟ್ಟಿದೆ. ಮೇಲಿನ ಹತ್ತು ಸಾಲು ಬರೀ ಕಾಯಿಸೋಕೆ. ಹನ್ನೊಂದನೇ ಸಾಲಲ್ಲಿ ಯಾರೋ ಸತ್ತಿರ್ತಾರೆ, ಇಲ್ಲಾ ಮೊದಲೇ ಸತ್ತಿದ್ದರು ಅಂತ ಗೊತ್ತಾಗುತ್ತೆ. ಕೆಳಗೆ ನೋಡಿದ್ರೆ ಐವತ್ತು ಜನ "ಮೈ ಜುಂ ಅಂತು ಗುರು" ಅಂತ ಹಾಕಿರ್ತಾರೆ.

ಮೈ ಜುಂ ಅನ್ನೋದು ತಪ್ಪಲ್ಲ. ಕತ್ತಲಲ್ಲಿ ಹಿಂದಿನಿಂದ ಯಾರಾದ್ರೂ "ಭೋ" ಅಂದ್ರೂ ಮೈ ಜುಂ ಅನ್ನುತ್ತೆ. ಅದಕ್ಕೆ ಕಥೆಗಾರ ಬೇಕಾಗಿಲ್ಲ ಅನ್ನೋದಷ್ಟೇ ನನ್ನ ತಕರಾರು.

ಒಂದು ಮಾದರಿ ತಗೊಳ್ಳಿ. ಇದು ಯಾರದ್ದೂ ಅಲ್ಲ, ಓದಿದ್ದನ್ನೆಲ್ಲ ಸೇರಿಸಿ ನಾನೇ ಹೊಲಿದದ್ದು:

ನಾನು ದಿನಾ ಸಂಜೆ ಐದಕ್ಕೆ ಹೊಳಲ್ಕೆರೆ ಬಸ್ ಸ್ಟ್ಯಾಂಡಿಗೆ ಬರ್ತೀನಿ. ಎರಡು ಟೀ ಹೇಳ್ತೀನಿ. ಅವಳ ಜೊತೆ ಮಾತಾಡ್ತೀನಿ. ಅವಳು ನಗ್ತಾಳೆ. ಚಿತ್ರದುರ್ಗದ ಬಸ್ಸು ಬರುತ್ತೆ, ಹೋಗುತ್ತೆ, ಅವಳು ಹತ್ತೋದಿಲ್ಲ. ಕತ್ತಲಾದ ಮೇಲೆ ನಾನೊಬ್ಬನೇ ಮನೆಗೆ ಹೋಗ್ತೀನಿ. ಅವಳು ಸತ್ತು ಇವತ್ತಿಗೆ ಎರಡು ವರ್ಷ.

ಇದಕ್ಕೆ ಲೈಕ್ ಬರುತ್ತೆ, ನನಗೂ ಗೊತ್ತು. ಈಗ ಮೂರು ಪ್ರಶ್ನೆ ಕೇಳೋಣ.

ಮೊದಲನೇದು, ಈ ವಿಷಯ ಯಾರಿಗೆ ಗೊತ್ತಿತ್ತು? ಹೇಳ್ತಾ ಇರೋ "ನಾನು"ಗೆ ಮೊದಲ ಸಾಲಿನಿಂದಲೇ ಗೊತ್ತು. ಎರಡು ವರ್ಷದಿಂದ ಅವನು ಯೋಚನೆ ಮಾಡ್ತಿರೋದೇ ಅದನ್ನ. ನಮ್ಮಿಂದ ಮುಚ್ಚಿಡೋಕೆ ಅವನಿಗೆ ಕಾರಣವೇ ಇಲ್ಲ. ಮುಚ್ಚಿಟ್ಟವನು ಬರೆದವನು, ಯಾಕಂದ್ರೆ ಕೊನೆಗೆ ಅವನಿಗೆ ಒಂದು ಸಾಲು ಬೇಕಿತ್ತು.

ಎರಡನೇದು, ಬೇರೆ ಕೊನೆ ಹಾಕಿದ್ರೆ ಏನಾಗುತ್ತೆ? "ಅವಳು ಗೋಡೆ ಮೇಲಿನ ಪೋಸ್ಟರ್" ಅಂತ ಹಾಕಿ. ಕೂರುತ್ತೆ. "ಸತ್ತಿರೋದು ನಾನು" ಅಂತ ಹಾಕಿ. ಸ್ವಲ್ಪ ತಿದ್ದಿದ್ರೆ ಅದೂ ಕೂರುತ್ತೆ. "ಅವಳು ನನ್ನ ಮಗಳು, ನಾನೇ ಮರೆತುಬಿಟ್ಟಿದ್ದೀನಿ", ಅದೂ ಸರಿಯಾಗೇ ಕೂರುತ್ತೆ. ನಾಲ್ಕು ಕೊನೆಗಳು ಒಂದೇ ಥರ ಕೂರ್ತಾವೆ ಅಂದ್ರೆ ಆ ಹತ್ತು ಸಾಲು ಯಾವ ಕೊನೆಗೂ ದುಡಿದಿಲ್ಲ.

ಮೂರನೇದು, ಕೊನೆ ಗೊತ್ತಾದ ಮೇಲೆ ವಾಪಸ್ ಓದಿದ್ರೆ ಯಾವ ಸಾಲು ಬೆಳೆಯುತ್ತೆ? ಇಲ್ಲಿ ಒಂದೇ ಒಂದು: "ಎರಡು ಟೀ ಹೇಳ್ತೀನಿ." ಅದರಲ್ಲಿ ಜೀವ ಇದೆ. ಆದ್ರೆ ಬರೆದವನು ಅದನ್ನ ಅಲ್ಲೇ ಬಿಟ್ಟು ಮುಂದೆ ಓಡಿದ್ದಾನೆ.

ಈಗ ಅವಳು ಸತ್ತಿದ್ದಾಳೆ ಅನ್ನೋದನ್ನ ಎರಡನೇ ಸಾಲಿನಲ್ಲೇ ಹೇಳಿಬಿಡಿ. ಟ್ವಿಸ್ಟ್ ಹೋಯ್ತು. ಉಳಿದದ್ದೇನು? ಅವನು ಕೇಳದೇನೇ ಎರಡನೇ ಲೋಟ ತುಂಬಿ, ಒಂದಕ್ಕೇ ದುಡ್ಡು ತಗೊಳ್ಳೋ ಟೀ ಅಂಗಡಿಯವನು. ಒಂದು ದಿನ ಅಂಗಡಿಗೆ ಹೊಸ ಹುಡುಗ ಬರ್ತಾನೆ. ಒಬ್ಬನೇ ಕೂತಿರೋದು ನೋಡಿ ಒಂದೇ ಲೋಟ ತಂದಿಡ್ತಾನೆ. ಅಲ್ಲಿಗೆ ಕಥೆ ನಿಲ್ಲಿಸಿ. ಯಾರೂ "ಭೋ" ಅನ್ನಲಿಲ್ಲ, ಆದ್ರೆ ಕೊನೆ ಬಂತು. ಆ ಕೊನೆ ಬದಲು ಪೋಸ್ಟರ್ ಹಾಕಿ ನೋಡೋಣ, ಕೂರಲ್ಲ.

(2)

"ಆದ್ರೆ ಸಣ್ಣಕಥೆಗೆ ಒಂದೇ ಪರಿಣಾಮ ಇರಬೇಕು ಅಂತ ಪೋ ಹೇಳಿದ್ದಾನಲ್ಲ" ಅಂತ ನಮ್ಮ ಕ್ಲಾಸಿನ ಆಪ್ಷನಲ್ ಇಂಗ್ಲಿಷ್ ಪಂಡಿತರು ಬರ್ತಾರೆ. ಹೇಳಿದ್ದು ನಿಜ. ಎಡ್ಗರ್ ಅಲನ್ ಪೋ 1842ರಲ್ಲಿ ಹಾಥಾರ್ನ್ ಕಥೆಗಳ ಬಗ್ಗೆ ಬರೆದ ವಿಮರ್ಶೆಯಲ್ಲಿ ಹೇಳಿದ್ದು. ಆದ್ರೆ ಅವನು ಹೇಳಿದ್ದೇನು ಅಂತ ನೋಡಿ. ಕಥೆ ಒಂದೇ ಕೂರಿಕೆಯಲ್ಲಿ, ಅರ್ಧ ಗಂಟೆಯಿಂದ ಎರಡು ಗಂಟೆ ಒಳಗೆ ಓದಿ ಮುಗಿಯಬೇಕು. ಬರೆಯೋನು ಯಾವ ಪರಿಣಾಮ ಬೇಕು ಅಂತ ಮೊದಲೇ ತೀರ್ಮಾನ ಮಾಡಿ, ಆಮೇಲೆ ಅದಕ್ಕೆ ತಕ್ಕ ಘಟನೆಗಳನ್ನ ಹುಡುಕಬೇಕು. ಮೊದಲನೇ ವಾಕ್ಯವೇ ಆ ಕಡೆ ಎಳೆಯದಿದ್ರೆ ಮೊದಲ ಹೆಜ್ಜೆಯಲ್ಲೇ ಸೋತ ಹಾಗೆ.

ಗಮನಿಸಿ, ಅವನು ಭಾರ ಹಾಕಿದ್ದು ಮೊದಲನೇ ವಾಕ್ಯದ ಮೇಲೆ. ನಾವು ಹಾಕ್ತಿರೋದು ಕೊನೇದರ ಮೇಲೆ. ಪೋ ಹೆಸರು ಹೇಳಿ ಪೋಗೆ ಉಲ್ಟಾ ಮಾಡ್ತಿದ್ದೀವಿ.

ಪರಿಣಾಮ ಬೇರೆ, ಅಚ್ಚರಿ ಬೇರೆ. ಅಚ್ಚರಿ ಒಂದು ಸಲ ಕೆಲಸ ಮಾಡುತ್ತೆ, ಎರಡನೇ ಸಲ ಖಾಲಿ. ಪರಿಣಾಮ ಅನ್ನೋದು ಕೊನೆ ಗೊತ್ತಿದ್ದೂ ಓದಿದಾಗ ಉಳಿಯೋದು. ಹಾಗಾಗಿ "ಸ್ಪಾಯ್ಲರ್ ಕೊಟ್ರೆ ಕಥೆ ಸತ್ತೋಗುತ್ತೆ" ಅಂತ ನೀವು ಹೆದರ್ತಿದ್ರೆ, ನಿಮ್ಮ ಕಥೆ ಬಗ್ಗೆ ನೀವೇ ದೂರು ಕೊಡ್ತಿದ್ದೀರಿ.

(3)

ಹಾಗಂತ "ಟ್ವಿಸ್ಟ್ ಅಂದ್ರೇ ಅಗ್ಗ" ಅನ್ನೋ ಹಿರಿಯರ ಪಕ್ಷಕ್ಕೂ ನಾನು ಸೇರಲ್ಲ. ಅವರಿಗೆ ಮೊಪಾಸನ 'ನೆಕ್ಲೇಸ್' (1884) ತೋರಿಸ್ತೀನಿ. ಸ್ಪಾಯ್ಲರ್ ಕೊಡ್ತಿದ್ದೀನಿ, ಉದ್ದೇಶಪೂರ್ವಕವಾಗಿ.

ಮಥಿಲ್ಡ್ ಗುಮಾಸ್ತನ ಹೆಂಡತಿ. ಒಂದು ದೊಡ್ಡ ಪಾರ್ಟಿಗೆ ಶ್ರೀಮಂತ ಗೆಳತಿಯಿಂದ ವಜ್ರದ ಹಾರ ಕೇಳಿ ತರ್ತಾಳೆ, ಕಳೆದುಹಾಕ್ತಾಳೆ. ಹೇಳದೇ ಅಂಥದ್ದೇ ಇನ್ನೊಂದು ಕೊಂಡು ವಾಪಸ್ ಕೊಡ್ತಾರೆ: 36,000 ಫ್ರಾಂಕ್. ಗಂಡನ ಹತ್ರ ಅಪ್ಪ ಬಿಟ್ಟುಹೋದ 18,000 ಇತ್ತು, ಉಳಿದದ್ದು ಸಾಲ. ಹತ್ತು ವರ್ಷ ಪಾತ್ರೆ ತಿಕ್ಕಿ, ನೀರು ಹೊತ್ತು ತೀರಿಸ್ತಾಳೆ. ಆಮೇಲೆ ಗೆಳತಿ ಸಿಕ್ಕಿ ಹೇಳ್ತಾಳೆ, ಅದು ನಕಲಿ, ಹೆಚ್ಚಂದ್ರೆ 500 ಫ್ರಾಂಕ್.

ಅದೇ ಮೂರು ಪ್ರಶ್ನೆ. ಯಾರಿಗೆ ಗೊತ್ತಿತ್ತು? ಮಥಿಲ್ಡ್‌ಗೆ ಗೊತ್ತಿರಲಿಲ್ಲ, ನಾವು ಅವಳ ಜೊತೆಗೇ ನಡೀತಿದ್ವಿ. ಹಾಗಾಗಿ ಮುಚ್ಚಿಟ್ಟದ್ದು ಮೋಸ ಅಲ್ಲ. ವಾಪಸ್ ಓದಿದ್ರೆ? ಹಾರ ಕೇಳಿದಾಗ ಗೆಳತಿ ಒಂದು ಕ್ಷಣ ಹಿಂಜರಿಯದೇ ಕೊಟ್ಟಿದ್ದಳು. ಡಬ್ಬಿ ಒಳಗಿನ ಹೆಸರು ನೋಡಿ ಅಂಗಡಿಗೆ ಹೋದ್ರೆ, ಹಾರ ಮಾರಿದ್ದು ನಾನಲ್ಲ, ಡಬ್ಬಿ ಮಾತ್ರ ಕೊಟ್ಟದ್ದು ಅಂತ ಅವನು ಹೇಳಿದ್ದ. ವಾಪಸ್ ಕೊಟ್ಟಾಗ ಗೆಳತಿ ಡಬ್ಬಿ ತೆರೆದೂ ನೋಡಲಿಲ್ಲ. ಮೂರೂ ನಮ್ಮ ಕಣ್ಣ ಮುಂದೆಯೇ ಇದ್ದವು. ನಾವು ಬಿಲ್ ನೋಡದೇ ಸಹಿ ಹಾಕಿದ್ವಿ, ಅಷ್ಟೇ.

ಬೇರೆ ಕೊನೆ? "ಕಳೆದ ಹಾರ ಸಿಕ್ಕಿತು" ಅಂತ ಮಾಡಿ. ಅಯ್ಯೋ ಪಾಪ ಅನ್ಸುತ್ತೆ, ಮುಗೀತು. ನಕಲಿ ಅಂದಾಗ ಮಾತ್ರ ಮೊದಲ ಪುಟದ ಮಥಿಲ್ಡ್ ಎದ್ದು ಬರ್ತಾಳೆ: ಹೊರಗಿನ ಹೊಳಪನ್ನೇ ನಿಜ ಅಂದ್ಕೊಂಡವಳು, ಬಡತನ ಒಪ್ಪಿಕೊಳ್ಳೋಕೆ ನಾಚಿದವಳು. "ಹಾರ ಕಳೀತು ಕಣೇ" ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತು. ಹೇಳಲಿಲ್ಲ ಯಾಕೆ ಅನ್ನೋದಕ್ಕೆ ಉತ್ತರ ಮೊದಲ ಪುಟದಲ್ಲೇ ಇದೆ. ಅವಳ ಸ್ವಭಾವದಿಂದ ಬಂದ ಕೊನೆ ಇದು.

(4)

ಈಗ ನಮ್ಮ ಕಡೆಗೆ ಬರೋಣ. ಚಿಕ್ಕಜಾಜೂರಲ್ಲಿ ಬೀರೂರು ಕಡೆ ರೈಲು ಹತ್ತಿದ್ರೆ ದಾರಿಯಲ್ಲಿ ಅಜ್ಜಂಪುರ ಸಿಗುತ್ತೆ. 'ಆನಂದ' ಅನ್ನೋ ಹೆಸರಲ್ಲಿ ಬರೆದ ಅಜ್ಜಂಪುರ ಸೀತಾರಾಂ ಆ ಊರಿನವರು. ಅವರ 'ನಾನು ಕೊಂದ ಹುಡುಗಿ' ಓದದೇ ಇದ್ದವರು ಮೊದಲು ಓದಿ ಬನ್ನಿ. ಬರದಿದ್ರೂ ಪರವಾಗಿಲ್ಲ. ಯಾಕಂದ್ರೆ ಈ ಕಥೆಯ ಸ್ಪಾಯ್ಲರ್ ಕೊಟ್ಟದ್ದು ಲೇಖಕರೇ, ಅದೂ ಶೀರ್ಷಿಕೆಯಲ್ಲಿ.

ಒಬ್ಬ ಓದಿಕೊಂಡ ಮನುಷ್ಯ ಊರೂರು ಸುತ್ತುತ್ತಾ ಒಂದು ಹಳ್ಳಿಯ ಪಟೇಲರ ಮನೆಯಲ್ಲಿ ಉಳ್ಕೊಳ್ತಾನೆ. ಆ ಮನೆ ಮಗಳು ಚೆನ್ನಮ್ಮ. ಒಂದು ರಾತ್ರಿ ಅವನ ಕೋಣೆಗೆ ಬರ್ತಾಳೆ. ಅವಳು ದೇವರಿಗೆ ಬಿಟ್ಟ ಬಸವಿ, ಅತಿಥಿಗೆ ತನ್ನನ್ನ ಒಪ್ಪಿಸೋದರಲ್ಲಿ ಅವಳಿಗೆ ಪಾಪ ಕಾಣ್ತಿಲ್ಲ. ಅವನು ಗಾಬರಿಯಾಗಿ, ಒಳ್ಳೇ ಮನಸ್ಸಿನಿಂದಲೇ, ಇದು ತಪ್ಪು ಅಂತ ತಿಳಿಸಿ ಹೇಳ್ತಾನೆ. ಬೆಳಿಗ್ಗೆ ಬಾವಿಯಲ್ಲಿ ಅವಳ ಹೆಣ.

ಹುಡುಗಿ ಸಾಯ್ತಾಳೆ ಅಂತ ಶೀರ್ಷಿಕೆಯಿಂದಲೇ ಗೊತ್ತು. ಕೊಂದವನು "ನಾನು" ಅಂತಲೂ ಗೊತ್ತು. ಬಸ್ ಸ್ಟ್ಯಾಂಡ್ ಹುಡುಗನ ಥರಾನೇ ಇಲ್ಲೂ ಎಲ್ಲ ಗೊತ್ತಿರೋ "ನಾನು" ಕಥೆ ಹೇಳ್ತಿದ್ದಾನೆ, ಆದ್ರೆ ಇವನು ಮೊದಲೇ ಒಪ್ಪಿಕೊಂಡು ಕೂತಿದ್ದಾನೆ. ಹಾಗಾಗಿ ನಮ್ಮ ಪ್ರಶ್ನೆ "ಏನಾಗುತ್ತೆ" ಅನ್ನೋದಲ್ಲ. ಇಷ್ಟು ಸಭ್ಯ ಮನುಷ್ಯ ಹೇಗೆ ಕೊಲ್ತಾನೆ? ಪ್ರತಿ ಪುಟದಲ್ಲೂ ಅವನ ಕೈ ನೋಡ್ತಾ ಕೂರ್ತೀವಿ. ಕೊಂದದ್ದು ಕೈ ಅಲ್ಲ, ಉಪದೇಶ. ಒಂದೇ ಪರಿಣಾಮ ಅಂದ್ರೆ ಇದು.

ಇದಕ್ಕೂ ಆಕ್ಷೇಪ ಇದೆ, ನನ್ನ ಗೆಳತಿಯೇ ಎತ್ತಿದ್ದು: "ಒಂದು ರಾತ್ರಿ ಮಾತಿಗೆ ಯಾರಾದ್ರೂ ಬಾವಿಗೆ ಬೀಳ್ತಾರೇನೋ?" ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ. ನನ್ನ ಉತ್ತರ: ಅವನು ಅವಳಿಂದ ಏನು ಕಿತ್ಕೊಂಡ ನೋಡು. ತಾನು ಮಾಡ್ತಿರೋದು ದೇವರ ಕೆಲಸ ಅನ್ನೋ ನಂಬಿಕೆ ಮೇಲೆ ಅವಳ ಮಾನ ನಿಂತಿತ್ತು. ಅದನ್ನ ಅವನು ಒಂದು ರಾತ್ರಿಯಲ್ಲಿ ತೆಗೆದ, ಬದಲಿಗೆ ಇನ್ನೊಂದು ಬದುಕು ಕೊಡೋದು ಅವನ ಕೈಯಲ್ಲಿರಲಿಲ್ಲ. ಅವನು ಊರು ಬಿಟ್ಟು ಹೋಗೋನು. ಅವಳು ಅದೇ ಮನೆಯಲ್ಲಿ, ಅದೇ ಹರಕೆ ಹೊತ್ತ ಅಪ್ಪ ಅಮ್ಮನ ಮುಂದೆ ಏಳಬೇಕು. ಈಗ ಬೇರೆ ಕೊನೆ ಹಾಕಿ. ಅವಳು ಮೊದಲಿನ ಹಾಗೇ ಇದ್ದುಬಿಟ್ರೆ ಆ ರಾತ್ರಿಯ ಮಾತು ಸುಳ್ಳಾಗುತ್ತೆ. ಓಡಿ ಹೋದ್ರೆ? ಎಲ್ಲಿಗೆ ಅಂತ ಕಥೆ ಒಂದು ಬಾಗಿಲೂ ತೋರಿಸಿಲ್ಲ.

ಆದ್ರೂ ಅವಳ ವಾದದಲ್ಲಿ ಸ್ವಲ್ಪ ಉಳಿಯುತ್ತೆ ಅಂತ ನನಗೂ ಅನ್ಸುತ್ತೆ. ಕಥೆ ಅವನ ಬಾಯಲ್ಲಿರೋದ್ರಿಂದ ಆ ರಾತ್ರಿ ಕೋಣೆಯಿಂದ ಬಾವಿವರೆಗಿನ ಚೆನ್ನಮ್ಮ ನಮಗೆ ಸಿಗೋದೇ ಇಲ್ಲ. ಕೊನೆ ದುಡಿದದ್ದೇ ಹೌದು, ಅಷ್ಟೊಂದು ಬಾಕಿ ಇಟ್ಕೊಂಡು ಅಂತ ನನ್ನ ತೀರ್ಪು. ಅವಳು ಒಪ್ಪಿಲ್ಲ.

(5)

ನೋಡಿ, ಜಗಳ ಅಂದ್ರೆ ಹೀಗಿರಬೇಕು. "ನನಗೆ ಇಷ್ಟ ಆಯ್ತು", "ನಾನು ಮೊದಲೇ ಗೆಸ್ ಮಾಡಿದ್ದೆ" ಇವೆರಡೂ ವಾದ ಅಲ್ಲ. ಗೆಸ್ ಆಗೋ ಕೊನೆಯೂ ದುಡಿದದ್ದಾಗಿರಬಹುದು, ಚೆನ್ನಮ್ಮನದ್ದು ಹಾಗೇ ಅಲ್ವಾ. ಸಾಲು ತೋರಿಸಿ ಮಾತಾಡಿ: ಈ ಕೊನೆಗೆ ಈ ಸಾಲು ಬಂಡವಾಳ ಹಾಕಿದೆ, ಈ ಸಾಲು ಹಾಕಿಲ್ಲ ಅಂತ.

"ಜೀವನದಲ್ಲಿ ಹಾಗೇ ಆಗುತ್ತೆ ಕಣೋ, ಬಸ್ ಗುದ್ದಿ ಸಾಯಲ್ವಾ?" ಅನ್ನೋರಿಗೆ ಒಂದು ಮಾತು. ಸಾಯ್ತಾರೆ. ಬಸ್ಸನ್ನ ಮೊದಲ ಪುಟದಲ್ಲಿ ಗುದ್ದಿಸಿ, ಒಪ್ಕೊಳ್ತೀನಿ, ಅಲ್ಲಿಂದ ಕಥೆ ಶುರುವಾಗುತ್ತೆ. ಗಂಡ ಹೆಂಡತಿ ಬಿಟ್ಟು ಹೋಗೋದಾ ಬೇಡ್ವಾ ಅಂತ ಆರು ಪುಟ ಕಾಯಿಸಿ ಕೊನೆಗೆ ಬಸ್ ತಂದ್ರೆ, ಅವರು ತೀರ್ಮಾನ ಮಾಡಬೇಕಾದ್ದನ್ನ ಕೆಎಸ್ಸಾರ್ಟಿಸಿ ಡ್ರೈವರ್ ತಲೆಗೆ ಕಟ್ಟಿದ ಹಾಗೆ.

ಈ ಮೂರು ಪ್ರಶ್ನೆ ಎಲ್ಲ ಕಡೆ ಒಂದೇ ಥರ ಓಡಲ್ಲ, ಅದನ್ನೂ ಹೇಳ್ತೀನಿ. ಮಾಸ್ತಿಯವರ ರಂಗನ ಮದುವೆ ಕಥೆಯಲ್ಲಿ ಶಾಸ್ತ್ರಿಗಳಿಗೆ ಮೊದಲೇ ಪಾಠ ಹೇಳಿಕೊಟ್ಟಿರೋದನ್ನ ನಿರೂಪಕನೇ ನಮಗೆ ಹೇಳಿಬಿಡ್ತಾನೆ. ಮೋಸ ಹೋಗೋದು ರಂಗ, ನಾವಲ್ಲ. ಅಲ್ಲಿ ನಗು ಬರೋದು ನಾವೂ ಆ ಸಂಚಿನಲ್ಲಿ ಪಾಲುದಾರರಾಗಿರೋದ್ರಿಂದ. "ಕೊನೆ ದುಡಿದದ್ದಾ" ಅಂತ ಅದನ್ನ ಕೇಳೋದು ಹರಟೆಗೆ ರಸೀದಿ ಕೇಳಿದ ಹಾಗೆ.

ಮುಂದಿನ ವಾರ ನಿಮ್ಮ ಕಥೆಗಳು. ಡಿಎಂ ಮಾಡಿ, ಆದ್ರೆ ಕೊನೆಯ ಸಾಲು ತೆಗೆದು. ಅದಕ್ಕೆ ನಾನು ನಾಲ್ಕು ಬೇರೆ ಕೊನೆ ಬರೆದು ವಾಪಸ್ ಕಳಿಸ್ತೀನಿ. ನಾಲ್ಕರಲ್ಲಿ ಒಂದೂ ಕೂರಲಿಲ್ಲ ಅಂದ್ರೆ ಕ್ಯಾಂಟೀನಲ್ಲಿ ಟೀ ನನ್ನದು. ನಾಲ್ಕೂ ಕೂತವು ಅಂದ್ರೆ ಟೀ ನಿಮ್ಮದು, ಜೊತೆಗೆ ಮಂಡಕ್ಕಿ ಮೆಣಸಿನಕಾಯಿ.