ಜಲೋದರ: ಪಥ್ಯವೇ ಉಪವಾಸವಾದಾಗ

ಅರ್ಧ ಜೋಳದ ರೊಟ್ಟಿ, ಎರಡು ತುತ್ತು ಪಲ್ಯ. ಅಷ್ಟಕ್ಕೇ ‘ಹೊಟ್ಟಿ ಬಿಗದು ಬಂತು, ಸಾಕು’ ಎಂದು ತಾಟು ಸರಿಸುತ್ತಾರೆ. ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿದವರ ಊಟ ಹೀಗೆಯೇ ಮುಗಿಯುತ್ತದೆ. ರೋಣ, ನರಗುಂದ, ಗಜೇಂದ್ರಗಡದ ಕಡೆ ಇದರ ಮೇಲೆ ಮನೆಯವರ ಪಥ್ಯವೂ ಸೇರುತ್ತದೆ: ಬೇಳೆ ಬೇಡ, ಎಣ್ಣೆ ಬೇಡ, ಗಂಜಿ ಸಾಕು. ಕಾಳಜಿಯಿಂದಲೇ ಮಾಡುವ ಈ ಪಥ್ಯ ರೋಗಿಯನ್ನು ಇನ್ನಷ್ಟು ಬೇಗ ಕುಗ್ಗಿಸುತ್ತದೆ.

ಊಟ ಇಷ್ಟು ಬೇಗ ಸಾಕೆನಿಸಲು ಕಾರಣ ಸರಳ. ಲಿವರ್ ಗಟ್ಟಿಯಾದಾಗ ಅದರೊಳಗೆ ಹರಿಯುವ ರಕ್ತಕ್ಕೆ ತಡೆ ಬಿದ್ದು ಒತ್ತಡ ಏರುತ್ತದೆ. ಕಿಡ್ನಿ ಉಪ್ಪನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರೂ ನಿಲ್ಲುತ್ತದೆ. ಆ ನೀರು ಜಠರವನ್ನು ಹೊರಗಿನಿಂದ ಒತ್ತುವುದರಿಂದ ಜಠರ ಹಿಗ್ಗಲು ಜಾಗವಿರುವುದಿಲ್ಲ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ. ಸೂಜಿ ಹಾಕಿ ನೀರು ತೆಗೆದ ಮೇಲೆ ಇದೇ ರೋಗಿಗಳು ಹೆಚ್ಚು ಉಣ್ಣಬಲ್ಲರು ಎಂಬುದನ್ನು ವೈದ್ಯರು ಅಳೆದು ನೋಡಿದ್ದಾರೆ. ಹಾಗಾಗಿ ನೀರು ತೆಗೆಸಿದ ನಂತರದ ದಿನಗಳನ್ನು ಊಟಕ್ಕೆ ಬಳಸಿಕೊಳ್ಳಬೇಕು, ಪಥ್ಯಕ್ಕಲ್ಲ.

ದೊಡ್ಡ ಹೊಟ್ಟೆ ನಮ್ಮ ಕಣ್ಣು ಕಟ್ಟುತ್ತದೆ. ತಕ್ಕಡಿಯಲ್ಲಿ 60 ಕಿಲೊ ತೂಗುವ ಒಬ್ಬ ರೈತನನ್ನು ಊಹಿಸಿಕೊಳ್ಳಿ. ಹೊಟ್ಟೆ ಬಿಗಿದಿದೆ, ಪಾದವೂ ಊದಿದೆ. ಬಿಗಿದ ಹೊಟ್ಟೆಗೆ ತೂಕದ ನೂರಕ್ಕೆ 15, ಕಾಲಿನ ಬಾವಿಗೆ ಇನ್ನೂ 5 ಕಳೆಯುವುದು ವೈದ್ಯರ ಅಂದಾಜಿನ ಲೆಕ್ಕ. ಅಂದರೆ 12 ಕಿಲೊ ನೀರು, ಆತನ ನಿಜವಾದ ತೂಕ 48 ಕಿಲೊ. ತಕ್ಕಡಿ ಹೇಳದ್ದನ್ನು ಮೈ ಹೇಳುತ್ತದೆ: ಒಳಹೋದ ಕಣತಲೆ, ಎದ್ದು ಕಾಣುವ ಕೊರಳೆಲುಬು, ಅಂಗಿಯ ತೋಳಿನಲ್ಲಿ ಸಡಿಲವಾದ ರಟ್ಟೆ.

ಈತನಿಗೆ ದಿನಕ್ಕೆ ಕನಿಷ್ಠ 58 ಗ್ರಾಂನಷ್ಟು ಪ್ರೋಟೀನ್ ಬೇಕು. ನಾಲ್ಕು ಸಣ್ಣ ರೊಟ್ಟಿ, 50 ಗ್ರಾಂ ಹೆಸರುಬೇಳೆ, ಎರಡು ಲೋಟ ಹಾಲು, ಒಂದು ಬಟ್ಟಲು ಮೊಸರು, ಒಂದು ತತ್ತಿ, ಒಂದು ಹಿಡಿ ಶೇಂಗಾ ಸೇರಿದರೆ ಅಷ್ಟಾಗುತ್ತದೆ. ತತ್ತಿ ತಿನ್ನದವರಿಗೆ ಇನ್ನೊಂದು ಲೋಟ ಹಾಲು. ಎಲ್ಲವೂ ಮನೆಯಲ್ಲಿ, ಹೊಲದಲ್ಲಿ ಇರುವುದೇ. ಮೂರು ಹೊತ್ತಿನಲ್ಲಿ ಇದು ಹಿಡಿಸದು, ಆರು ಹೊತ್ತು ಮಾಡಿ ಸ್ವಲ್ಪಸ್ವಲ್ಪವೇ ಕೊಡಬೇಕು.

‘ಬೇಳೆ ತಿಂದರೆ ತಲೆಗೇರುತ್ತದೆ’ ಎಂಬ ಭಯಕ್ಕೆ ಹಿಂದೊಮ್ಮೆ ವೈದ್ಯರೇ ಕಾರಣರಾಗಿದ್ದರು. ಲಿವರ್ ರೋಗಿಗೆ ಮಂಕು ಕವಿದಾಗ ಪ್ರೋಟೀನ್ ನಿಲ್ಲಿಸಿ ಎನ್ನುತ್ತಿದ್ದರು. 2004ರಲ್ಲಿ ಸ್ಪೇನಿನ ವೈದ್ಯರು ಪ್ರಕಟಿಸಿದ ಪರೀಕ್ಷೆಯಲ್ಲಿ ಹಾಗೆ ನಿಲ್ಲಿಸಿದ್ದರಿಂದ ಯಾವ ಲಾಭವೂ ಕಾಣಲಿಲ್ಲ. ಮಂಕಿಗೆ ಹೆಚ್ಚಾಗಿ ಕಾರಣವಾಗುವುದು ಮಲಬದ್ಧತೆ, ಸೋಂಕು ಅಥವಾ ಒಳಗಿನ ರಕ್ತಸ್ರಾವ. ಬೇಳೆ, ಹಾಲಿನ ಪ್ರೋಟೀನನ್ನು ಈ ರೋಗಿಗಳು ಚೆನ್ನಾಗಿಯೇ ತಾಳಿಕೊಳ್ಳುತ್ತಾರೆ.

ರಾತ್ರಿಯ ಮಾತು ಬೇರೆಯೇ ಹೇಳಬೇಕು. ಆರೋಗ್ಯವಂತ ಲಿವರ್ ರಾತ್ರಿಗೆ ಬೇಕಾದ ಸಕ್ಕರೆಯನ್ನು ಕೂಡಿಟ್ಟಿರುತ್ತದೆ. ಕೆಟ್ಟ ಲಿವರಿನಲ್ಲಿ ಆ ದಾಸ್ತಾನು ಬೇಗ ಖಾಲಿಯಾಗಿ, ಮೈ ತನ್ನ ಮಾಂಸವನ್ನೇ ಕರಗಿಸಿಕೊಳ್ಳುತ್ತದೆ. ಒಂದು ರಾತ್ರಿಯ ಖಾಲಿ ಹೊಟ್ಟೆ ಇವರಿಗೆ ಎರಡು ಮೂರು ದಿನದ ಉಪವಾಸಕ್ಕೆ ಸಮ. ಏಳಕ್ಕೆ ಉಂಡು ಮರುದಿನ ಒಂಬತ್ತಕ್ಕೆ ತಿನ್ನುವ ಮನೆಯಲ್ಲಿ ಈ ನಷ್ಟ ದಿನವೂ ನಡೆಯುತ್ತದೆ. ಮಲಗುವಾಗ ಹಾಲಿಗೆ ಮುರಿದು ಹಾಕಿದ ಒಂದು ರೊಟ್ಟಿ ಕೊಟ್ಟರೆ ಸಾಕು. ಸಕ್ಕರೆ ಕಾಯಿಲೆ ಇದ್ದವರು ಅಳತೆಯನ್ನು ವೈದ್ಯರಲ್ಲಿ ಕೇಳಿಕೊಳ್ಳಲಿ.

ಉಪ್ಪು ಕಡಿಮೆ ಮಾಡಲೇಬೇಕು, ದಿನಕ್ಕೆ ಸುಮಾರು 5 ಗ್ರಾಂ, ಅಂದರೆ ಒಂದು ಚಹಾ ಚಮಚ. ಆದರೆ ಪೂರ್ತಿ ಉಪ್ಪಿಲ್ಲದ ಊಟ ಗಂಟಲಿಗಿಳಿಯದೆ ಇದ್ದ ಹಸಿವೂ ಸಾಯುತ್ತದೆ. ಈ ವಿಷಯದಲ್ಲಿ ನಮ್ಮ ಜೋಳದ ರೊಟ್ಟಿ ವರವೇ ಸರಿ, ಅದಕ್ಕೆ ಸಾಮಾನ್ಯವಾಗಿ ಉಪ್ಪು ಹಾಕುವುದಿಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಿರ್ಚಿ ಬಿಟ್ಟು, ಪಲ್ಯಕ್ಕೆ ಚೂರು ಉಪ್ಪು ಹಾಕಿ ನಿಂಬೆಹುಳಿ ಹಿಂಡಿದರೆ ರುಚಿ ಉಳಿಯುತ್ತದೆ. ರಕ್ತದಲ್ಲಿ ಸೋಡಿಯಂ ತೀರಾ ಇಳಿದಿದ್ದರೆ ಮಾತ್ರ ವೈದ್ಯರು ಕುಡಿಯುವ ನೀರಿಗೆ ಮಿತಿ ಹಾಕುತ್ತಾರೆ. ಅವರು ಹೇಳದೆ ನೀರು ಕಡಿಮೆ ಮಾಡಬೇಡಿ. ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ತಂದು ನುಂಗಿದರೆ ಕಿಡ್ನಿ ಕೈಕೊಡಬಹುದು. ಕುಡಿತವಂತೂ ಪೂರ್ತಿ ನಿಲ್ಲಬೇಕು.

ಇದ್ದಕ್ಕಿದ್ದಂತೆ ಊಟ ನಿಂತರೆ ಅದನ್ನು ಅರುಚಿ ಎಂದುಕೊಳ್ಳಬಾರದು. ಜ್ವರ, ಹೊಟ್ಟೆನೋವು, ಮಂಕು, ರಕ್ತವಾಂತಿ, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ಹೊಟ್ಟೆಯ ನೀರಿಗೆ ಸೋಂಕು ತಗಲಿರಬಹುದು, ಅದು ಗೊತ್ತಾಗುವುದು ಆ ನೀರನ್ನು ತೆಗೆದು ಪರೀಕ್ಷಿಸಿದಾಗಲೇ.

ಈ ಮೂರೂ ತಾಲ್ಲೂಕಿನ ವೈದ್ಯರಲ್ಲಿ ಒಂದು ವಿನಂತಿ: ಜಲೋದರದ ರೋಗಿಯ ಚೀಟಿಯಲ್ಲಿ ನೀರಿನ ಮಾತ್ರೆಯ ಕೆಳಗೆ ನೀರು ಕಳೆದ ತೂಕವನ್ನೂ ಬರೆಯಿರಿ. ‘ಬೇಳೆ, ಹಾಲು ಬಿಡಬೇಡಿ, ಮಲಗುವಾಗ ಏನಾದರೂ ತಿನ್ನಿ’ ಎಂಬ ಸಾಲನ್ನೂ ಕನ್ನಡದಲ್ಲಿ ಬರೆದು, ಜೊತೆಗೆ ಬಂದ ಮನೆಯವರಿಗೆ ಓದಿ ಹೇಳಿ ಕಳುಹಿಸಿ.