ಚಿಕ್ಕ ಪಾಠವೆಲ್ಲ ಸರಳ ಪಾಠವಲ್ಲ

ವಸ್ತ್ರಾಪಹರಣದ ಹೊತ್ತಿನಲ್ಲಿ ದ್ರೌಪದಿ ಕೃಷ್ಣನನ್ನು ಕರೆಯಲೇ ಇಲ್ಲ, ಆ ಮೊರೆಯನ್ನು ಆಮೇಲಿನ ಭಕ್ತರು ಸೇರಿಸಿದರು. ನಮ್ಮ ವಿಚಾರಸಂಕಿರಣಗಳಲ್ಲಿ ಈ ಮಾತು ಎಷ್ಟು ಸಲೀಸಾಗಿ ಓಡಾಡುತ್ತದೆಂದರೆ ಯಾರೂ ಆಧಾರ ಕೇಳುವುದಿಲ್ಲ. ಕೇಳಿದರೆ ಎರಡು ಉತ್ತರ ಸಿಗುತ್ತವೆ. ಪುಣೆಯ ಭಂಡಾರ್ಕರ್ ಸಂಸ್ಥೆಯ ಸಂಶೋಧಿತ ಆವೃತ್ತಿಯ ಮೂಲಪಾಠದಲ್ಲಿ ಮೊರೆ ಇಲ್ಲ ಎನ್ನುವುದು ಒಂದು. ಮೊರೆಯಿಲ್ಲದ ಪಾಠವೇ ಸರಳ, ಹಾಗಾಗಿ ಅದೇ ಹಳೆಯದು ಎನ್ನುವುದು ಇನ್ನೊಂದು. ಮೊದಲನೆಯದು ನಿಜ. ನನ್ನ ತಕರಾರು ಇರುವುದು ಎರಡನೆಯದರ ಬಗ್ಗೆ.

ಸರಳ ವಿವರಣೆಯನ್ನು ಆರಿಸಿಕೊಳ್ಳುವುದು ತಪ್ಪೆಂದು ನಾನು ಹೇಳುತ್ತಿಲ್ಲ. ನ್ಯಾಯಶಾಸ್ತ್ರದವರು ಇದನ್ನು ಲಾಘವ ಎಂದರು, ಅನಗತ್ಯ ಕಲ್ಪನೆಯ ಭಾರವನ್ನು ಗೌರವ ಎಂದರು. ಆದಿಪರ್ವವನ್ನು ಸಂಪಾದಿಸಿದ ವಿ. ಎಸ್. ಸುಖಠಣಕರ್ (1933) ಗಣಪತಿ ವ್ಯಾಸರ ಲಿಪಿಕಾರನಾದ ಕಥೆಯನ್ನು ಅನುಬಂಧಕ್ಕೆ ಕಳಿಸಿದರು. ಆ ಕಥೆ ಕಾಶ್ಮೀರದ ಶಾರದಾ ಲಿಪಿಯ ಪಾಠದಲ್ಲೂ ಬೇರೆ ಕೆಲವು ಕವಲುಗಳಲ್ಲೂ ಇಲ್ಲ. ಅದು ಮೊದಲಿನಿಂದಲೂ ಇತ್ತು ಎನ್ನಬೇಕಾದರೆ, ಒಬ್ಬರಿಗೊಬ್ಬರು ಗೊತ್ತಿಲ್ಲದ ಲಿಪಿಕಾರರು ದೂರದೂರದ ಊರುಗಳಲ್ಲಿ ಅದೇ ಕಥೆಯನ್ನೇ ಕೈಬಿಟ್ಟರು ಎಂದು ಒಪ್ಪಬೇಕು. ಒಂದು ಕಡೆ ಸೇರಿತು ಎಂದರೆ ಒಂದೇ ಘಟನೆ ಸಾಕು. ಇಲ್ಲಿ ಲಾಘವ ಸರಿಯಾದ ದಾರಿ ತೋರಿಸುತ್ತದೆ. ನಾವು ಎಣಿಸಿದ್ದು ಘಟನೆಗಳನ್ನು, ಶ್ಲೋಕಗಳನ್ನಲ್ಲ ಎನ್ನುವುದನ್ನು ಮಾತ್ರ ನೆನಪಿಟ್ಟುಕೊಳ್ಳಿ.

ಈ ಎಣಿಕೆಗೆ ಒಂದು ಷರತ್ತಿದೆ. ಕೈಬಿಡುವುದಕ್ಕೆ ಎಲ್ಲರಿಗೂ ಅನ್ವಯಿಸುವ ಕಾರಣ ಇರಬಾರದು. ಪುಟದಲ್ಲಿ 'ವೈಶಂಪಾಯನ ಉವಾಚ' ಎಂದು ಎರಡು ಸಲ ಬಂದಿದೆ ಎನ್ನಿ. ನಕಲು ಮಾಡುವವನು ಮೊದಲನೆಯದನ್ನು ಬರೆದು ತಲೆ ಎತ್ತಿ ನೋಡಿದಾಗ ಕಣ್ಣು ಎರಡನೆಯದರ ಮೇಲೆ ಬಿದ್ದರೆ ನಡುವಿನದೆಲ್ಲ ಹೋಯಿತು. ಹೀಗೆ ಜಾರುವುದಕ್ಕೆ ಕಾಶ್ಮೀರದವನೂ ಮಲಯಾಳದವನೂ ಪರಸ್ಪರ ಮಾತಾಡಿಕೊಳ್ಳಬೇಕಿಲ್ಲ. ಅಂಥ ಜಾಗದಲ್ಲಿ ಚಿಕ್ಕ ಪಾಠವೇ ಹಳೆಯದು ಎಂದರೆ ದಾರಿ ತಪ್ಪಿದಂತೆ. ಗುರುತಿಸುವುದು ಕಷ್ಟವೇನಲ್ಲ: ಬಿಟ್ಟುಹೋದ ಭಾಗದ ಆಚೆ ಈಚೆ ಒಂದೇ ಪದವೋ ಒಂದೇ ಪಾದವೋ ಇದೆಯೇ ಎಂದು ನೋಡಿದರಾಯಿತು.

ಈಗ ದ್ರೌಪದಿಯ ವಿಷಯ. ಸಭಾಪರ್ವವನ್ನು ಸಂಪಾದಿಸಿದವರು ಫ್ರಾಂಕ್ಲಿನ್ ಎಜರ್ಟನ್ (1944). ಮೊರೆಯ ಸಾಲುಗಳು ಹಲವು ಪ್ರತಿಗಳಲ್ಲಿದ್ದರೂ ಎಲ್ಲದರಲ್ಲೂ ಒಂದೇ ರೂಪದಲ್ಲಿಲ್ಲ. ಆದ್ದರಿಂದ ಅವರು ಅವನ್ನು ಅಡಿಟಿಪ್ಪಣಿಗೆ ಇಳಿಸಿದರು. ಅವರ ಪಾಠದಲ್ಲಿ ದುಶ್ಶಾಸನ ಎಳೆಯುತ್ತಾನೆ, ಸೀರೆಯ ಮೇಲೆ ಸೀರೆ ಬರುತ್ತದೆ. ಯಾರು ಕೊಟ್ಟರು ಎಂಬ ಮಾತಿಲ್ಲ. ಇಲ್ಲಿಯವರೆಗೆ ಒಪ್ಪಬಹುದು. ಆದರೆ ಈ ಚಿಕ್ಕ, ಸರಳ, ಬಿರುಸಿನ ರೂಪ ತನಗೆ ಹಿಡಿಸುತ್ತದೆ ಎಂದೂ ಅವರು ಪ್ರಸ್ತಾವನೆಯಲ್ಲಿ ಹೇಳಿಕೊಂಡರು. ತನ್ನ ಅಭಿರುಚಿ ಎಂದು ಪ್ರಾಮಾಣಿಕವಾಗಿಯೇ ಹೇಳಿದರು. ನಮ್ಮವರು ಆ ಅಭಿರುಚಿಯನ್ನೇ ಪುರಾವೆ ಮಾಡಿಕೊಂಡುಬಿಟ್ಟರು. (ಕುಮಾರವ್ಯಾಸನ ದ್ರೌಪದಿಯ ಮೊರೆಯನ್ನು ಗಮಕದಲ್ಲಿ ಕೇಳಿ ಬೆಳೆದವರಿಗೆ ಅದನ್ನು ತಳ್ಳಿಹಾಕುವುದರಲ್ಲಿ ಒಂದು ಬಗೆಯ ಬಿಡುಗಡೆಯ ಖುಷಿಯೂ ಇರಬಹುದು. ನನಗೂ ಇತ್ತು.)

ಈ ಪಾಠ ನಿಜಕ್ಕೂ ಅಗ್ಗವೇ ಎಂದು ತಿಳಿಯಬೇಕಾದರೆ ಸಭಾಪರ್ವದ ಹೊರಗೆ ಹೋಗಬೇಕು. ಉದ್ಯೋಗಪರ್ವದ 58ನೇ ಅಧ್ಯಾಯದಲ್ಲಿ ಕೃಷ್ಣ ಸಂಜಯನೊಡನೆ ಮಾತಾಡುತ್ತಾನೆ. ತಾನು ದೂರದಲ್ಲಿದ್ದಾಗ ದ್ರೌಪದಿ 'ಗೋವಿಂದಾ' ಎಂದು ಕೂಗಿದಳು, ಆ ಋಣ ಬೆಳೆಯುತ್ತಲೇ ಇದೆ, ಎದೆಯಿಂದ ಸರಿಯುತ್ತಿಲ್ಲ ಎನ್ನುತ್ತಾನೆ. ಈ ಶ್ಲೋಕ ಇರುವುದು ಅನುಬಂಧದಲ್ಲಲ್ಲ, ಅದೇ ಸಂಶೋಧಿತ ಆವೃತ್ತಿಯ ಮೂಲಪಾಠದಲ್ಲಿ.

ಅಂದರೆ ಸಭಾಪರ್ವದಲ್ಲಿ ಮೊರೆಯನ್ನು ತೆಗೆದು ಉಳಿಸಿದ ಭಾರ ಉದ್ಯೋಗಪರ್ವದ ಮೇಲೆ ಬಿತ್ತು. ಈಗ ಮೂರರಲ್ಲಿ ಒಂದನ್ನು ಆರಿಸಲೇಬೇಕು. ಈ ಶ್ಲೋಕವೂ ಆಮೇಲಿನದು ಎನ್ನಬಹುದು, ಆದರೆ ಅದಕ್ಕೆ ಪ್ರತಿಗಳ ಬೆಂಬಲ ಬೇರೆ ಹುಡುಕಬೇಕು. ಕೂಗಿದ ಕಥೆ ಮೊದಲೇ ಇತ್ತು, ಸಭಾಪರ್ವದಲ್ಲಿ ಅದರ ಮಾತುಗಳು ಒಂದೊಂದು ಕಡೆ ಒಂದೊಂದು ರೂಪ ಪಡೆದವು ಎನ್ನಬಹುದು. ಅಥವಾ ಉದ್ಯೋಗಪರ್ವದ ಈ ಮಾತನ್ನು ಕೇಳಿದವರು, ಹಾಗಾದರೆ ಆ ಕೂಗು ಎಲ್ಲಿ ಎಂದು ಹುಡುಕಿ ಸಭಾಪರ್ವದಲ್ಲಿ ತುಂಬಿದರು ಎನ್ನಬಹುದು. ಮೂರನೆಯದು ಜಾಣ ಉತ್ತರ. ಆದರೂ ಶ್ಲೋಕ ಬರೆದವನಿಗೆ ಆ ಕೂಗು ಹೇಗೆ ಗೊತ್ತಿತ್ತು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಪ್ರಮಾಣ ಸಿಕ್ಕ ಮೇಲೆ ಹೊರಲೇಬೇಕಾದ ಭಾರವನ್ನು ನೈಯಾಯಿಕರು ಫಲಮುಖ ಗೌರವ ಎಂದು ಕರೆದು, ಅದು ದೋಷವಲ್ಲ ಎಂದಿದ್ದಾರೆ. ಲಾಘವದ ಹೆಸರು ಹೇಳುವವರು ಈ ಅರ್ಧವನ್ನು ಮರೆಯುತ್ತಾರೆ.

ನನಗೆ ಎರಡನೆಯದು ಹೆಚ್ಚು ಹೊಂದುವಂತೆ ಕಾಣುತ್ತದೆ. ಈಗ ಅಡಿಟಿಪ್ಪಣಿಯಲ್ಲಿರುವ ಸಾಲುಗಳು ಆಮೇಲಿನವು ಇರಬಹುದು, ಅಷ್ಟರಿಂದ ದ್ರೌಪದಿ ಕೂಗಲಿಲ್ಲ ಎಂದಾಗುವುದಿಲ್ಲ. ಸುಖಠಣಕರ್ ಕೂಡ ತಾನು ಕೊಡುತ್ತಿರುವುದು ಸಿಕ್ಕ ಪ್ರತಿಗಳಿಂದ ತಲುಪಬಹುದಾದ ಅತಿ ಹಳೆಯ ರೂಪ, ವ್ಯಾಸರ ಮೂಲವಲ್ಲ ಎಂದೇ ಹೇಳಿದ್ದರು. ಮುಂದಿನ ಸಂಕಿರಣದಲ್ಲಿ ಯಾರಾದರೂ 'ಪ್ರಕ್ಷಿಪ್ತ' ಎಂದು ಕೈ ತೊಳೆದುಕೊಂಡರೆ, ಉದ್ಯೋಗಪರ್ವದ ಆ ಶ್ಲೋಕವನ್ನು ಏನು ಮಾಡುತ್ತೀರಿ ಎಂದು ಕೇಳಿ ನೋಡಿ.