‘ಸುದ್ದಿ ನಂಬ್ತೀರಾ?’ ಒಂದೇ ಪ್ರಶ್ನೆ ಸಾಲಲ್ಲ | ಭಾಗ 4

ಪ್ರಾಜೆಕ್ಟ್ ಸೀಸನ್ ಬಂತು ಅಂದ್ರೆ ಕ್ಲಾಸ್ ಗ್ರೂಪ್ ತುಂಬಾ ಗೂಗಲ್ ಫಾರ್ಮ್. ಅದರಲ್ಲಿ ಈ ಪ್ರಶ್ನೆ ಖಾಯಂ: ‘ನೀವು ಸುದ್ದಿಯನ್ನು ಎಷ್ಟು ನಂಬುತ್ತೀರಿ? 1ರಿಂದ 5.’ ಇದೊಂದನ್ನೇ ಇಟ್ಕೊಂಡು ‘ದಕ್ಷಿಣ ಬೆಂಗಳೂರಿನ ಜನ ಸುದ್ದಿ ನಂಬ್ತಾರೆ’ ಅಂತ ರಿಪೋರ್ಟ್ ಬರೆಯಬಾರದು ಅನ್ನೋದು ನನ್ನ ವಾದ.

ಜಯನಗರದ ತಾತ ‘ಸುದ್ದಿ’ ಅಂದ್ರೆ ಬೆಳಗಿನ ಪೇಪರ್ ಅಂದ್ಕೊಂಡು 4 ಒತ್ತಬಹುದು. ಬಿಟಿಎಂ ಪಿಜಿಯ ಹುಡುಗಿ ರೀಲ್ಸ್ ನೆನೆಸಿಕೊಂಡು 4 ಒತ್ತಬಹುದು. ನಮ್ಮ ಶೀಟ್‌ನಲ್ಲಿ ಇಬ್ಬರೂ ಒಂದೇ!

ರಾಯಿಟರ್ಸ್ ಇನ್‌ಸ್ಟಿಟ್ಯೂಟ್‌ನ ವಾರ್ಷಿಕ ವರದಿಯೂ ‘ಹೆಚ್ಚಿನ ಸುದ್ದಿಯನ್ನು ಹೆಚ್ಚಿನ ಸಮಯ ನಂಬಬಹುದು’ ಅನ್ನೋ ಒಂದೇ ವಾಕ್ಯಕ್ಕೆ ಒಪ್ಪಿಗೆ ಕೇಳುತ್ತೆ. ದೇಶ ದೇಶ ಹೋಲಿಸೋಕೆ ಅದು ಸರಿ, ಆದರೆ ಯಾಕೆ ನಂಬ್ತಾರೆ ಅಂತ ಅದರಿಂದ ಗೊತ್ತಾಗಲ್ಲ. ಜೊತೆಗೆ ಭಾರತದಲ್ಲಿ ಅವರು ಕೇಳೋದು ಮುಖ್ಯವಾಗಿ ಇಂಗ್ಲಿಷ್ ಬಲ್ಲ ಆನ್‌ಲೈನ್ ಓದುಗರನ್ನ. ಬನಶಂಕರಿಯ ಕನ್ನಡ ಪೇಪರ್ ಓದೋ ಅಜ್ಜಿ ಆ ಲೆಕ್ಕದಲ್ಲಿಲ್ಲ.

2007ರಲ್ಲಿ ಕೋರಿಂಗ್ ಮತ್ತು ಮ್ಯಾಥೆಸ್ ಅನ್ನೋ ಸಂಶೋಧಕರು ಈ ನಂಬಿಕೆಯನ್ನ ನಾಲ್ಕು ಭಾಗ ಮಾಡಿದರು. 2025ರ ಮೆಟ್ರೋ ದರ ಏರಿಕೆ ಸುದ್ದಿಗೆ ಅದನ್ನ ಹೀಗೆ ಹೊಂದಿಸಬಹುದು:

1. ಈ ವಿಷಯಕ್ಕೆ ಬೇಕಾದಷ್ಟು ಗಮನ ಕೊಟ್ಟರು.
2. ಮುಖ್ಯ ಮಾಹಿತಿ ಯಾವುದನ್ನೂ ಬಿಡಲಿಲ್ಲ.
3. ಹೇಳಿದ ದರಗಳು ಸರಿಯಾಗಿದ್ದವು.
4. ಮಾಡಿದ ಟೀಕೆಗೆ ತಕ್ಕ ಕಾರಣ ಕೊಟ್ಟರು.

ಮೂರನೆಯದಕ್ಕೆ 5, ನಾಲ್ಕನೆಯದಕ್ಕೆ 2 ಕೊಡೋರು ಖಂಡಿತ ಇರ್ತಾರೆ. ‘ರೇಟು ಸರಿ ಹೇಳ್ತಾರೆ, ಕಿರುಚಾಟ ನಂಬಲ್ಲ’ ಅಂತ. ಒಂದೇ ಪ್ರಶ್ನೆಯಲ್ಲಿ ಇದು ಮುಚ್ಚಿಹೋಗುತ್ತೆ.

ನಿಜವಾದ ಸರ್ವೇಯಲ್ಲಿ ಪ್ರತಿ ಭಾಗಕ್ಕೂ ಮೂರ್ನಾಲ್ಕು ವಾಕ್ಯ ಬೇಕು. ಫಾರ್ಮ್ ಕಳಿಸೋ ಮೊದಲು ಐದಾರು ಜನರ ಮುಂದೆ ಓದಿ, ‘ಇದು ಕೇಳಿದಾಗ ಏನು ನೆನಪಾಯ್ತು?’ ಅಂತ ಕೇಳಿ. ‘ನಿಖರ ಮತ್ತು ನಿಷ್ಪಕ್ಷಪಾತ’ ಅಂತ ಬರೆದಿದ್ರೆ ಅವರು ಅಲ್ಲೇ ತಡವರಿಸ್ತಾರೆ, ಯಾಕಂದ್ರೆ ಅದು ಎರಡು ಪ್ರಶ್ನೆ.

ಆಮೇಲೆ ಎಲ್ಲರೂ ಹೆಮ್ಮೆಯಿಂದ ತೋರಿಸೋ ಕ್ರಾನ್‌ಬಾಕ್ ಆಲ್ಫಾ. 0.9 ಬಂದ್ರೆ ಉತ್ತರಗಳು ಒಂದಕ್ಕೊಂದು ಹೊಂದುತ್ತವೆ ಅಂತ ಅರ್ಥ, ಅಷ್ಟೇ. ಒಂದೇ ಮಾತನ್ನ ಐದು ಥರ ಕೇಳಿದ್ರೂ ಅದು ಏರುತ್ತೆ. ಮಾರ್ಕೆಟ್ ತಕ್ಕಡಿ ಪ್ರತಿ ಸಲ 100 ಗ್ರಾಂ ಜಾಸ್ತಿ ತೋರಿಸಿದ್ರೆ, ಅದು ಸ್ಥಿರ ಹೌದು, ಸರಿ ಅಲ್ಲ.

ಸರಿ ಇದೆಯಾ ಅಂತ ನೋಡೋಕೆ ಇನ್ನೆರಡು ವಿಷಯ ಸೇರಿಸಿ. ಒಂದು, ‘ಈ ಆ್ಯಂಕರ್ ಇಷ್ಟಾನಾ?’ ಇದರ ಅಂಕ ನಂಬಿಕೆಯ ಅಂಕದ ಜೊತೆ ಹೆಚ್ಚುಕಮ್ಮಿ ಒಂದೇ ಥರ ಏರಿಳಿದ್ರೆ ನೀವು ಅಳೆದದ್ದು ಬಹುಶಃ ಅಭಿಮಾನ. ಎರಡು, ‘ಮಳೆಗೆ ನಾಳೆ ರಜೆ ಅಂತ ಫಾರ್ವರ್ಡ್ ಬಂದ್ರೆ ಮೊದಲು ಎಲ್ಲಿ ಚೆಕ್ ಮಾಡ್ತೀರಾ?’ ಹೆಚ್ಚು ಅಂಕ ಕೊಟ್ಟೋರು ಆ ಚಾನೆಲ್‌ಗೇ ಹೆಚ್ಚಾಗಿ ಹೋಗಬೇಕು. ಹೋಗದಿದ್ರೆ ಅಳತೆ ಮೇಲೆ ಅನುಮಾನ ಪಡಿ. ಆದ್ರೆ ಎಷ್ಟು ಹೊತ್ತು ನೋಡ್ತಾರೆ ಅನ್ನೋದನ್ನ ಸಾಕ್ಷಿ ಮಾಡಬೇಡಿ. ನಂಬದೇ ಮಜಾಕ್ಕೆ ನೋಡೋರು ನಮ್ಮ ಮನೆಗಳಲ್ಲೇ ಇದ್ದಾರೆ.

ನಿಮ್ಮ ಫಾರ್ಮ್‌ನ ಒಂದು ಪ್ರಶ್ನೆ ಕಾಮೆಂಟ್‌ನಲ್ಲಿ ಹಾಕಿ. ಅದು ಏನನ್ನ ಅಳೀತಿದೆ ಅಂತ ಒಟ್ಟಿಗೆ ನೋಡೋಣ 👇

#ಬಿಕಾಂಡೈರಿ #ಸರ್ವೇ #ಜಯನಗರ